ಪೂಜಾಪಾತ್ರೆಗಳ ಶುಭ್ರತೆ: ಹುಣಸೆಯ ಹುಳಿ ಯಾವ ಲೋಹಕ್ಕೆ ಹಿತ?

ವರಮಹಾಲಕ್ಷ್ಮಿಯ ವ್ರತಕ್ಕೆ ಮುನ್ನಾ ದಿನವಾಗಲಿ, ಗೌರಿ ಹಬ್ಬದ ಹಿಂದಿನ ಸಂಜೆಯಾಗಲಿ, ದೇವರ ಮನೆಯ ಸಾಮಾನುಗಳನ್ನೆಲ್ಲ ಒಂದೆಡೆ ರಾಶಿಹಾಕಿ, ಒಂದೇ ಹುಣಸೆಯ ಉಂಡೆಯಿಂದ ಮೊದಲು ತಾಮ್ರದ ತಂಬಿಗೆಯನ್ನೂ, ಅದರ ಬೆನ್ನಿಗೆ ಹಿತ್ತಾಳೆಯ ದೀಪಗಳನ್ನೂ, ಕಟ್ಟಕಡೆಗೆ ಬೆಳ್ಳಿಯ ಬಟ್ಟಲುಗಳನ್ನೂ ಉಜ್ಜಿ ತೊಳೆದಿಡುವುದು ನಮ್ಮ ಬಹುಪಾಲು ಮನೆಗಳಲ್ಲಿ ನಡೆದುಬಂದಿರುವ ವಾಡಿಕೆ. ನೋಡುವ ಕಣ್ಣಿಗೆ ಮೂರರ ಮಾಲಿನ್ಯವೂ ಒಂದೇ ಬಗೆಯ ಕಪ್ಪಾಗಿ ತೋರುವುದರಿಂದ ಮೂರಕ್ಕೂ ಒಂದೇ ಮದ್ದು ಸಾಕೆಂಬ ಭಾವನೆ ಹುಟ್ಟುವುದು ಸಹಜವೇ ಆದರೂ, ವಸ್ತುಸ್ಥಿತಿ ಹಾಗಿಲ್ಲ. ತಾಮ್ರದ ಮೇಲಿನ ಕಪ್ಪು ಒಂದು ದ್ರವ್ಯ, ದೀಪದ ಬಟ್ಟಲಿನ ಹಸಿರು ಜಿಡ್ಡು ಇನ್ನೊಂದು, ಬೆಳ್ಳಿಯ ಮೇಲಣ ಮಸಿಬಣ್ಣ ಇವೆರಡಕ್ಕೂ ಸಂಬಂಧವಿಲ್ಲದ ಮತ್ತೊಂದು. ಇವುಗಳ ಭೇದವನ್ನು ಅರಿತವರಿಗೆ ಹುಣಸೆಯನ್ನು ಎಲ್ಲಿ ಧಾರಾಳವಾಗಿ ಬಳಸಬೇಕು, ಎಲ್ಲಿ ಮಿತವಾಗಿ ಬಳಸಬೇಕು, ಎಲ್ಲಿ ಮುಟ್ಟಲೇಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ತಾಮ್ರದ ಮಾತು. ತಾಮ್ರವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ಮೊದಲಿಗೆ ಕಂದುಗೆಂಪಾದ, ಬರಬರುತ್ತ ಕಪ್ಪಾದ ಒಂದು ತೆಳುವಾದ ಪೊರೆಯನ್ನು ತಳೆಯುತ್ತದೆ. ತೇವವೂ ಗಾಳಿಯೂ ಬಹುಕಾಲ ತಗುಲಿದರೆ ಅದರ ಮೇಲೆ ಹಸಿರು ಕಿಲುಬು ಏಳುತ್ತದೆ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲವೆಂಬ ಹುಳಿ ವಿಶೇಷವಾಗಿರುವುದು. ಈ ಹುಳಿಗೆ ಪೊರೆಯನ್ನೂ ಕಿಲುಬನ್ನೂ ಕರಗಿಸಿ ನೀರಿನಲ್ಲಿ ಬೆರೆಸಿಬಿಡುವ ಶಕ್ತಿಯುಂಟೇ ಹೊರತು, ಕೆಲವು ನಿಮಿಷಗಳ ಅವಧಿಯಲ್ಲಿ ಒಳಗಿನ ತಾಮ್ರವನ್ನು ತಿನ್ನುವಷ್ಟು ಉಗ್ರತೆಯಿಲ್ಲ. ಆದುದರಿಂದಲೇ ತಾಮ್ರಕ್ಕೆ ಹುಣಸೆಯಷ್ಟು ಸೌಮ್ಯವೂ ಸಫಲವೂ ಆದ ಶೋಧಕ ಮತ್ತೊಂದಿಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಸಣ್ಣ ನಿಂಬೆಹಣ್ಣಿನ ಗಾತ್ರದಷ್ಟು ಹಳೆಯ ಹುಣಸೆಯನ್ನು ಬೀಜ, ನಾರು ತೆಗೆದು ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಗಟ್ಟಿಯಾಗಿ ಕಿವುಚಿ, ಒಂದು ಚಮಚ ಉಪ್ಪನ್ನು ಅದರಲ್ಲಿ ಪೂರ್ಣವಾಗಿ ಕರಗಿಸಬೇಕು. ಉಪ್ಪು ಪೊರೆಯ ಕರಗುವಿಕೆಯನ್ನು ತ್ವರಿತಗೊಳಿಸುತ್ತದೆ. ಆದರೆ ಕರಗದ ಕಲ್ಲುಪ್ಪಿನ ಹರಳನ್ನೇ ಪಾತ್ರೆಯ ಮೇಲೆ ಉಜ್ಜಿದರೆ ಗೀರು ಬೀಳುವುದು ಖಂಡಿತ. ಈ ರಸವನ್ನು ಬಟ್ಟೆಯಿಂದ ತಂಬಿಗೆಗೆ ಸವರಿ ಒಂದೆರಡು ನಿಮಿಷ ಬಿಟ್ಟರೆ, ಉಜ್ಜುವ ಶ್ರಮವಿಲ್ಲದೆಯೇ ನಸುಗೆಂಪು ವರ್ಣ ಮೂಡಿಬರುತ್ತದೆ.

ಅನೇಕರು ಇಲ್ಲಿಗೇ ಕೆಲಸ ಮುಗಿಯಿತೆಂದು ಭಾವಿಸಿ, ಒಂದು ಸಲ ನೀರು ಸುರಿದು, ಪಾತ್ರೆಯನ್ನು ಬೋರಲಾಗಿಟ್ಟು ಎದ್ದುಹೋಗುತ್ತಾರೆ. ಮರುದಿನ ಬೆಳಗ್ಗೆ ಪಾತ್ರೆಯ ಮೈಮೇಲೆ ನೀರು ಇಳಿದ ಗೆರೆಗಳೂ ಬೆರಳಿನ ಗುರುತುಗಳೂ ಕಂದಾಗಿ ಎದ್ದು ಕಾಣುವುದಕ್ಕೆ ಈ ಅವಸರವೇ ಕಾರಣ. ಉಳಿದ ಹುಳಿಯೂ ಉಪ್ಪೂ ತೇವದೊಡನೆ ಸೇರಿ, ಹೊಸದಾಗಿ ಬೆತ್ತಲಾದ ಲೋಹವನ್ನು ಮೊದಲಿಗಿಂತ ಬೇಗನೆ ಕೆಡಿಸುತ್ತವೆ. ಎರಡು ಮೂರು ದಿನಗಳಲ್ಲಿ ತಂಬಿಗೆಯ ಕಂಠದ ಸಂದಿನಲ್ಲಿಯೋ ಬೆಸುಗೆಯ ಅಂಚಿನಲ್ಲಿಯೋ ಹಸಿರು ಗೆರೆ ಮೂಡಿದರೆ, ಅಲ್ಲಿ ಹುಳಿ ಉಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ಲೀಟರು ನೀರಿಗೆ ಒಂದು ಚಮಚ ಅಡುಗೆ ಸೋಡ ಕದಡಿ, ತೊಳೆದ ಪಾತ್ರೆಯನ್ನು ಅದರಲ್ಲಿ ಅದ್ದಿ ತೆಗೆದು, ಮತ್ತೆ ಶುದ್ಧ ನೀರಿನಲ್ಲಿ ತೊಳೆದು, ತಕ್ಷಣವೇ ಒಣಬಟ್ಟೆಯಿಂದ ಒರೆಸಿ, ಸಂದುಗೊಂದುಗಳು ಆರುವಂತೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಈ ತೊಂದರೆ ಬಾರದು. ಒರೆಸುವ ಈ ಕಡೆಯ ಕೆಲಸಕ್ಕೆ ಉಜ್ಜುವ ಕೆಲಸದಷ್ಟೇ ಗೌರವವನ್ನು ಸಲ್ಲಿಸಬೇಕು.

ಹಿತ್ತಾಳೆಯಾದರೋ ತಾಮ್ರಕ್ಕೆ ಸತುವನ್ನು ಕೂಡಿಸಿ ಮಾಡಿದ ಮಿಶ್ರಲೋಹ. ಸತುವು ತಾಮ್ರಕ್ಕಿಂತ ಬಹಳ ಸುಲಭವಾಗಿ ಹುಳಿಗೆ ವಶವಾಗುವ ಲೋಹವಾದುದರಿಂದ, ಹಿತ್ತಾಳೆಯನ್ನು ಹುಣಸೆಯ ರಸದಲ್ಲಿ ಗಂಟೆಗಟ್ಟಲೆ, ಕೆಲವರು ಮಾಡುವಂತೆ ರಾತ್ರಿಯಿಡೀ, ನೆನೆಯಿಟ್ಟರೆ, ಮೇಲ್ಮೈಯ ಸತು ಕರಗಿಹೋಗಿ, ಉಳಿದ ತಾಮ್ರವು ಅಲ್ಲಲ್ಲಿ ಗುಲಾಬಿ ಬಣ್ಣದ ಕಲೆಗಳಾಗಿ ತೋರುತ್ತದೆ. ಇದನ್ನು ಕೊಳೆಯೆಂದೇ ತಿಳಿದು ಮತ್ತಷ್ಟು ಹುಣಸೆಯನ್ನು ಹಚ್ಚುವವರುಂಟು; ಹಚ್ಚಿದಷ್ಟೂ ಕೆಂಪು ಹೆಚ್ಚುವುದೇ ಹೊರತು ಹೋಗದು. ಇದೇ ಕೆಂಪು ಇನ್ನೊಂದು ದಾರಿಯಿಂದಲೂ ಬರುತ್ತದೆ. ತಾಮ್ರದ ಪಾತ್ರೆಗಳನ್ನು ತಿಕ್ಕಿದ ಹುಣಸೆಯ ರಸದಲ್ಲಿ ಕರಗಿದ ತಾಮ್ರ ಇರುವುದರಿಂದ, ಅದೇ ರಸಕ್ಕೆ ಹಿತ್ತಾಳೆಯನ್ನು ಹಾಕಿದಾಗ, ಅದರಲ್ಲೂ ಕಬ್ಬಿಣದ ಅಥವಾ ಸ್ಟೀಲಿನ ನಾರು ತಗುಲಿದಾಗ, ಆ ತಾಮ್ರವು ಹಿತ್ತಾಳೆಯ ಮೈಮೇಲೆ ಬಂದು ಕೂರುತ್ತದೆ. ಆದಕಾರಣ ಎರಡು ನಿಯಮಗಳನ್ನು ತಪ್ಪದೆ ಪಾಲಿಸಬೇಕು: ಹಿತ್ತಾಳೆಗೆ ಹೊಸ ರಸವನ್ನೇ ಬಳಸುವುದು, ಮತ್ತು ಹುಳಿಯನ್ನು ಹಚ್ಚಿ ಉಜ್ಜಿ ತೊಳೆಯುವ ಒಟ್ಟು ಕಾಲವನ್ನು ಐದು ನಿಮಿಷದೊಳಗೆ ಮುಗಿಸುವುದು. ಕೆಂಪು ಆಗಲೇ ಬಂದಿದ್ದರೆ, ಅದು ತೀರ ತೆಳುವಾದ ಪದರವಾದುದರಿಂದ, ನಯವಾದ ಸೀಮೆಸುಣ್ಣದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಅದ್ದಿ ತಾಳ್ಮೆಯಿಂದ ಉಜ್ಜಿದರೆ ಬಹುಮಟ್ಟಿಗೆ ಹೋಗುವುದು.

ಈಗ ಎಲ್ಲಕ್ಕಿಂತ ಹೆಚ್ಚು ಶ್ರಮ ಕೊಡುವ ಒಂದು ವಸ್ತುವನ್ನು ತೆಗೆದುಕೊಂಡು ಮೊದಲಿಂದ ಕಡೆಯವರೆಗೆ ನೋಡೋಣ. ನಿತ್ಯವೂ ಎಣ್ಣೆ ಹಾಕಿ ಹಚ್ಚುವ, ವಾರಗಟ್ಟಲೆ ತೊಳೆಯದ, ಒಂದು ಜೋಡಿ ಹಿತ್ತಾಳೆಯ ದೀಪದ ಕಂಬ. ಬಟ್ಟಲಿನ ತಳದಲ್ಲಿ ಮೇಣದಂತಹ ಹಸಿರು ಜಿಡ್ಡು. ಬತ್ತಿ ಉರಿಯುವ ಮೂತಿಯಲ್ಲಿ ಕಂದುಗಪ್ಪಾದ ಗಟ್ಟಿ ಪದರ. ಕಂಬದ ಮೇಲೆ ಎಣ್ಣೆ ಸೋರಿದ ಅಂಟು. ಪಾದದಲ್ಲಿ ಅರಿಸಿನ ಕುಂಕುಮದ ಕಲೆ. ಆ ಹಸಿರು ಜಿಡ್ಡು ತಂಬಿಗೆಯ ಮೇಲಿನ ಕಿಲುಬಲ್ಲ. ಎಣ್ಣೆ ಹಳತಾದಾಗ ಅದರಲ್ಲಿ ಹುಟ್ಟುವ ಹುಳಿಗಳು ಹಿತ್ತಾಳೆಯಲ್ಲಿನ ತಾಮ್ರದೊಡನೆ ಕೂಡಿ ಆದ ಒಂದು ಬಗೆಯ ಸಾಬೂನು ಅದು. ಅದರ ಮೇಲೂ ಸುತ್ತಲೂ ಎಣ್ಣೆ ಇದ್ದೇ ಇರುತ್ತದೆ. ನೀರಿನಲ್ಲಿ ಕರಗಿದ ಹುಣಸೆಯ ಹುಳಿ ಎಣ್ಣೆಯನ್ನು ದಾಟಿ ಲೋಹವನ್ನು ಮುಟ್ಟಲಾರದು. ಹುಣಸೆಯನ್ನು ಎಷ್ಟು ಉಜ್ಜಿದರೂ ದೀಪ ಬೆಳಗುವುದಿಲ್ಲವೆಂಬ ದೂರಿನ ಮೂಲ ಇದೇ. ನಮ್ಮ ಹಿರಿಯ ಗೃಹಿಣಿಯರು ಮೊದಲು ಒಲೆಯ ಬೂದಿಯಿಂದ ಉಜ್ಜಿ, ಅನಂತರವೇ ಹುಣಸೆಯನ್ನು ಮುಟ್ಟುತ್ತಿದ್ದ ಕ್ರಮದಲ್ಲಿ ದೊಡ್ಡ ವಿವೇಕವಿತ್ತು. ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರವು ಎಣ್ಣೆಯನ್ನು ಒಡೆಯುತ್ತದೆ. ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಬೂದಿ ಮರೆಯಾಯಿತು, ಹುಣಸೆ ಮಾತ್ರ ಉಳಿಯಿತು, ಕ್ರಮದ ಮೊದಲ ಅರ್ಧವೇ ಲೋಪವಾಯಿತು.

ಆದ್ದರಿಂದ ದೀಪವನ್ನು ಮೊದಲು ತಿರುಪುಗಳಲ್ಲಿ ಬಿಚ್ಚಿ ಪಾದ, ಕಂಬ, ಬಟ್ಟಲುಗಳನ್ನು ಬೇರ್ಪಡಿಸಬೇಕು. ಹಳೆಯ ಬತ್ತಿ ಎಣ್ಣೆಗಳನ್ನು ಕಾಗದದಿಂದ ಒರೆಸಿ ತೆಗೆದು, ಕೈ ಮುಳುಗಿಸಲಾಗದಷ್ಟು ಬಿಸಿಯಾದ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಸೋಡವನ್ನೂ ಸ್ವಲ್ಪ ಪಾತ್ರೆ ತೊಳೆಯುವ ಸಾಬೂನನ್ನೂ ಹಾಕಿ, ಭಾಗಗಳನ್ನು ಅರ್ಧ ಗಂಟೆ ಮುಳುಗಿಸಿಡಬೇಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಈ ಕೆಲಸ ಬೇಡ. ಸೋಡ ಅದನ್ನು ತಿನ್ನುತ್ತದೆ. ಅನಂತರ ಕೈಗವಸು ತೊಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಹಸಿರು ಜಿಡ್ಡು ಕಳಚಿ ಬರುತ್ತದೆ. ಮೂತಿಯ ಸುಟ್ಟ ಪದರ ಮಾತ್ರ ಒಂದೇ ಸಲಕ್ಕೆ ಬಾರದು. ಮತ್ತೆ ಬಿಸಿ ಸೋಡದ ನೀರಿನಲ್ಲಿಟ್ಟು, ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಬೇಕೇ ಹೊರತು ಚಾಕುವನ್ನಾಗಲಿ ಸ್ಟೀಲಿನ ನಾರನ್ನಾಗಲಿ ಬಳಸಬಾರದು. ಗ್ಯಾಸಿನ ಉರಿಗೆ ಹಿಡಿದು ಎಣ್ಣೆಯನ್ನು ಸುಟ್ಟುಹಾಕುವ ಉಪಾಯ ಅಪಾಯಕರ, ಬೆಸುಗೆ ಸಡಿಲಗೊಳ್ಳಬಹುದು. ಎಣ್ಣೆ ಪೂರ್ಣವಾಗಿ ಹೋಯಿತೇ ಎಂಬುದಕ್ಕೆ ಸುಲಭವಾದ ಪರೀಕ್ಷೆಯುಂಟು: ತೊಳೆದ ಬಟ್ಟಲಿನ ಮೇಲೆ ನೀರು ಚಿಮುಕಿಸಿದಾಗ ಅದು ಹನಿಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ, ತೆಳುವಾದ ಹಾಳೆಯಂತೆ ಹರಡಿಕೊಂಡರೆ ಇಲ್ಲ. ಹರಡಿಕೊಂಡ ಮೇಲೆಯೇ ಹೊಸ ಹುಣಸೆಯ ರಸವನ್ನು ಸವರಬೇಕು. ಆಗ ಎರಡೇ ನಿಮಿಷಗಳಲ್ಲಿ ಬರುವ ಹೊಂಬಣ್ಣವನ್ನು ಕಂಡವರು, ಹಿಂದಿನ ವರ್ಷಗಳ ತೋಳುನೋವು ವ್ಯರ್ಥವಾಗಿತ್ತೆಂದು ಒಪ್ಪುವರು. ತಿರುಪಿನ ಸುತ್ತುಗಳಲ್ಲಿ ಹುಳಿ ನಿಲ್ಲದಂತೆ ಸೋಡದ ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮಾತ್ರ ಭಾಗಗಳನ್ನು ಜೋಡಿಸಬೇಕು.

ಅಂಗಡಿಯಿಂದ ತಂದ ಹೊಸ ಹಿತ್ತಾಳೆಯ ಸಾಮಾನು ಕೆಲವೊಮ್ಮೆ ಹುಣಸೆಗೆ ಜಗ್ಗುವುದೇ ಇಲ್ಲ. ಅಲ್ಲಲ್ಲಿ ಮಾತ್ರ ಕಪ್ಪು ಹಿಡಿದು, ಉಳಿದೆಡೆ ಬದಲಾಗದೆ ನಿಲ್ಲುತ್ತದೆ. ಇದು ಹೊಳಪು ಉಳಿಯಲೆಂದು ಬಳಿದ ಪಾರದರ್ಶಕವಾದ ವಾರ್ನಿಷಿನ ಕೆಲಸ. ಅಂಥ ವಸ್ತುವನ್ನು ಅಲಂಕಾರಕ್ಕೆ ಮಾತ್ರ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಅಂಗಡಿಯ ಪುಡಿ, ದ್ರವ, ಲೇಪಗಳ ವಿಚಾರ. ಪೀತಾಂಬರಿಯಂತಹ ಪುಡಿಗಳು ಹುಳಿ, ನಯವಾದ ಉಜ್ಜುಪುಡಿ, ಸಾಬೂನು ಇವುಗಳ ಕೂಟ. ಹುಣಸೆ ಮಾಡುವುದನ್ನೇ ಇವು ಹೆಚ್ಚು ಬೇಗ ಮಾಡುತ್ತವೆ. ಆದುದರಿಂದ ಹುಣಸೆಗೆ ಹೇಳಿದ ಎಚ್ಚರಿಕೆಗಳೆಲ್ಲ ಇವಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಅನ್ವಯಿಸುತ್ತವೆ. ಪುಡಿಯನ್ನು ಹಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಕೈಗೆ ಗಾಯವಿದ್ದರೆ ಕೈಗವಸು ಬೇಕು. ಯಾವ ಲೋಹಕ್ಕೆಂದು ಪೊಟ್ಟಣದ ಮೇಲೆ ಬರೆದಿದೆಯೋ ಅದಕ್ಕೆ ಮಾತ್ರ ಬಳಸಬೇಕು. ಇಟ್ಟಿಗೆಪುಡಿ, ಮರಳು, ಒರಟು ರಂಗೋಲಿಪುಡಿಗಳಿಗಿಂತ ಇವು ಮೇಲೆಂಬುದೇನೋ ನಿಜ. ಇಟ್ಟಿಗೆಯಲ್ಲಿರುವ ಮರಳಿನ ಕಣ ಹಿತ್ತಾಳೆಗಿಂತ ಬಹಳ ಗಡುಸಾದುದರಿಂದ ಪ್ರತಿ ಉಜ್ಜಿಗೂ ಸಾವಿರಾರು ಸೂಕ್ಷ್ಮ ಗೀರುಗಳನ್ನು ಎಳೆಯುತ್ತದೆ, ಆ ಗೀರುಗಳಲ್ಲಿಯೇ ಮುಂದಿನ ಕೊಳೆ ನೆಲೆಸುತ್ತದೆ.

ಬ್ರಾಸೋ ಎಂಬ ಹೆಸರಿನಿಂದ ಪ್ರಸಿದ್ಧವಾದ ದ್ರವ ಮತ್ತು ಅದರ ಜಾತಿಯ ಪಾಲಿಷುಗಳ ರೀತಿಯೇ ಬೇರೆ. ಸೀಮೆಎಣ್ಣೆಯಂತಹ ದ್ರಾವಕದಲ್ಲಿ ನಯವಾದ ಉಜ್ಜುಪುಡಿಯನ್ನು ಕಲಸಿ, ಅಮೋನಿಯಾವನ್ನು ಕೂಡಿಸಿ ಇವನ್ನು ಮಾಡುವುದು ರೂಢಿ. ಬಾಗಿಲ ಹಿಡಿಗೆ, ಘಂಟೆಯ ಹೊರಮೈಗೆ, ದೀಪದ ಕಂಬದ ನುಣುಪಾದ ಭಾಗಕ್ಕೆ ಇವು ಸೊಗಸಾದ ಕಾಂತಿಯನ್ನು ಕೊಡುತ್ತವೆ. ಆದರೆ ಇವು ಬೇಗ ಬೆಂಕಿ ಹತ್ತಿಕೊಳ್ಳುವ ದ್ರವಗಳಾದುದರಿಂದ, ಉರಿಯುವ ದೀಪದ ಹತ್ತಿರ ಕುಳಿತು ಬಳಸಬಾರದು. ಬಳಸಿದ ದೀಪವನ್ನು ಸಾಬೂನಿನಿಂದ ತೊಳೆದು ಒಣಗಿಸದೆ ಹಚ್ಚಬಾರದು. ಒರೆಸಿದ ಬಟ್ಟೆಯನ್ನು ದೇವರ ಮನೆಯ ಮೂಲೆಯಲ್ಲಿ ಮುದುರಿ ಇಡಬಾರದು. ಕೆತ್ತನೆಯ ಸಂದುಗಳಲ್ಲಿ ಒಣಗಿ ಬೆಳ್ಳಗೆ ನಿಲ್ಲುವ ಪುಡಿಯನ್ನು ಮೃದುವಾದ ಬ್ರಷ್ಷಿನಿಂದ ತೆಗೆಯಲೇಬೇಕು.

ಅಮೋನಿಯಾದ ವಿಷಯದಲ್ಲಿ ನಮ್ಮ ನಾಡಿಗೇ ಸಂಬಂಧಿಸಿದ ಒಂದು ಚರಿತ್ರೆಯುಂಟು. ಬ್ರಿಟಿಷರ ಆಳಿಕೆಯಲ್ಲಿ, ಭಾರತದ ಸೈನ್ಯದಲ್ಲಿ ಬಂದೂಕಿನ ತೋಟೆಗಳ ಹಿತ್ತಾಳೆಯ ಕವಚಗಳು ಮಳೆಗಾಲ ಕಳೆಯುವಷ್ಟರಲ್ಲಿ ಹೊಡೆತವಿಲ್ಲದೆ ತಾವೇ ಬಿರುಕುಬಿಡುತ್ತಿದ್ದವು. ಕುದುರೆಲಾಯಗಳ ಬಳಿ ಅವನ್ನು ಕೂಡಿಟ್ಟಿದ್ದುದರಿಂದ, ಅಲ್ಲಿಯ ಮೂತ್ರದಿಂದ ಏಳುವ ಅಮೋನಿಯಾವು, ತಯಾರಿಕೆಯ ಸೆಳೆತ ಇನ್ನೂ ಒಳಗುಳಿದ ಹಿತ್ತಾಳೆಯನ್ನು ಸೀಳುತ್ತಿತ್ತೆಂಬುದು 1921ರಲ್ಲಿ ವಿಶದವಾಯಿತು. ಬಡಿದು, ತಿರುಗಿಸಿ ಮಾಡಿದ ನಮ್ಮ ತೆಳುವಾದ ಬಿಂದಿಗೆ, ತಟ್ಟೆಗಳಲ್ಲಿಯೂ ಅಂತಹ ಒಳಸೆಳೆತ ಇರಬಲ್ಲದು. ಐದು ನಿಮಿಷದ ಪಾಲಿಷಿನಿಂದ ತಟ್ಟೆ ಸೀಳುವುದೆಂದು ನಾನು ಹೆದರಿಸುತ್ತಿಲ್ಲ. ಅಮೋನಿಯಾವುಳ್ಳ ದ್ರವವನ್ನು ಸಂದುಗಳಲ್ಲಿ ಉಳಿಯಗೊಡದೆ ತೊಳೆದು ತೆಗೆಯಬೇಕೆಂಬುದಷ್ಟೇ ತಾತ್ಪರ್ಯ. ಯಾವ ಪಾಲಿಷನ್ನೇ ಆಗಲಿ, ಹುಣಸೆಯನ್ನೇ ಆಗಲಿ, ಬ್ಲೀಚಿಂಗ್ ದ್ರವದೊಡನೆ ಎಂದೆಂದಿಗೂ ಬೆರೆಸಕೂಡದು. ಹುಳಿ ತಗುಲಿದರೆ ಕ್ಲೋರಿನ್, ಅಮೋನಿಯಾ ತಗುಲಿದರೆ ಅದಕ್ಕೂ ಕಡಿಮೆಯಲ್ಲದ ವಿಷಾನಿಲ ಏಳುವುದು.

ತೀರ್ಥ ಕೊಡುವ ಪಂಚಪಾತ್ರೆ, ಉದ್ಧರಣೆ, ಅಭಿಷೇಕದ ತಟ್ಟೆ, ನೈವೇದ್ಯದ ಬಟ್ಟಲು, ಇವನ್ನು ಬೇರೆಯಾಗಿಯೇ ಎಣಿಸಬೇಕು. ಇವುಗಳಲ್ಲಿರುವುದು ಬಾಯಿಗೆ ಹೋಗುವುದರಿಂದ, ದ್ರಾವಕದ ಪಾಲಿಷುಗಳನ್ನು ಇವುಗಳ ಒಳಮೈಗೆ ತೋರಿಸಲೂ ಬಾರದು. ಹುಣಸೆ, ಬಿಸಿನೀರು, ಸಾಬೂನು ಇಷ್ಟರಲ್ಲೇ ಕೆಲಸ ಸಾಗಬೇಕು. ಕಿಲುಬು ನಂಜಿನ ವಸ್ತು. ಹೊಟ್ಟೆತೊಳಸು, ವಾಂತಿಗಳನ್ನು ತರುತ್ತದೆ. ಉದ್ಧರಣೆಯ ಹಿಡಿಯ ತಿರುವಿನಲ್ಲಿ ಹಸಿರು ಕಂಡರೆ ಆ ದಿನ ಅದನ್ನು ಬಳಸದಿರುವುದೇ ಒಳಿತು. ಕುಡಿಯುವ ನೀರಿನಲ್ಲಿ ತಾಮ್ರದ ಅಂಶವು ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿರ್ದೇಶವಿದೆ. ಬರಿಯ ನೀರು ಸ್ವಲ್ಪ ಹೊತ್ತು ಶುದ್ಧವಾದ ತಾಮ್ರದಲ್ಲಿದ್ದರೆ ಚಿಂತೆಗೆ ಕಾರಣವಿಲ್ಲ. ಆದರೆ ಮೊಸರು, ಹಣ್ಣಿನ ರಸಗಳು ಬೆರೆತ ಪಂಚಾಮೃತವು ಹುಣಸೆಯಂತೆಯೇ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಪಂಚಾಮೃತಕ್ಕೆ ಬೆಳ್ಳಿಯೋ ಸ್ಟೀಲೋ ಆದೀತು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗಳು ಸಲ್ಲವು.

ಹಳೆಯ ಪಂಚಲೋಹದ ವಿಗ್ರಹಗಳಿಗೆ ಹುಣಸೆ ಉಪ್ಪುಗಳನ್ನು ಹಾಕುವುದನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ತಲೆಮಾರುಗಳಿಂದ ಬಂದ ಮೂರ್ತಿಯ ಕಣ್ಣು, ಮೂಗು, ಕಿರೀಟದ ಗೆರೆಗಳು ಸವೆದು ಮೊಂಡಾಗಿರುವುದಕ್ಕೆ ಪ್ರತಿ ಹಬ್ಬದ ಉಜ್ಜುವಿಕೆಯೇ ಎಷ್ಟೋ ವೇಳೆ ಕಾರಣ. ಅದಕ್ಕೂ ಮಿಗಿಲಾಗಿ, ಉಪ್ಪಿನಲ್ಲಿರುವ ಕ್ಲೋರೈಡ್ ಅಂಶ ಎರಕದ ಸೂಕ್ಷ್ಮರಂಧ್ರಗಳೊಳಗೆ ಸೇರಿದರೆ, ತೇವ ತಗುಲಿದಾಗಲೆಲ್ಲ ಒಳಗಿಂದ ಲೋಹವನ್ನು ತಿನ್ನುತ್ತಿರುತ್ತದೆ. ನುಣುಪಾಗಿ, ಗಟ್ಟಿಯಾಗಿ ಕೂತ ದಟ್ಟ ಹಸಿರು ಅಥವಾ ಕಂದು ಪೊರೆ ಮೂರ್ತಿಗೆ ರಕ್ಷಣೆಯೇ. ಮುಟ್ಟಿದರೆ ಪುಡಿಯಾಗಿ ಉದುರುವ, ಒರೆಸಿದರೂ ಮತ್ತೆ ಮತ್ತೆ ಅದೇ ಜಾಗದಲ್ಲಿ ಏಳುವ ಎಳೆಹಸಿರು ಮಾತ್ರ ರೋಗದ ಲಕ್ಷಣ. ಅದನ್ನು ಕಂಡರೆ ಮೂರ್ತಿಯನ್ನು ಒಣಗಿಟ್ಟು, ಲೋಹಶಿಲ್ಪಗಳ ಸಂರಕ್ಷಣೆಯನ್ನು ಬಲ್ಲವರಿಗೆ ತೋರಿಸಬೇಕು. ನಿತ್ಯದ ಶುಚಿಗೆ ಬೆಚ್ಚನೆಯ ನೀರು, ಮೃದುವಾದ ಹತ್ತಿಬಟ್ಟೆ, ಬೇಕಾದರೆ ಅಂಟುವಾಳದ ನೊರೆ ಸಾಕು.

ಕಡೆಯದು ಬೆಳ್ಳಿ. ಬೆಳ್ಳಿಯ ಕಪ್ಪಿಗೆ ಕಾರಣ ಆಮ್ಲಜನಕವಲ್ಲ, ಗಾಳಿಯಲ್ಲಿ ಅತ್ಯಲ್ಪವಾಗಿ ಸುಳಿದಾಡುವ ಗಂಧಕದ ಅನಿಲಗಳು. ಮೊದಲು ನಸುಹಳದಿ, ಆಮೇಲೆ ಕಂದು, ಮುಂದೆ ನೀಲಿಗಪ್ಪು, ಹೀಗೆ ಬಣ್ಣ ಏರುತ್ತ ಹೋಗುತ್ತದೆ. ಬೆಳ್ಳಿಯೂ ಗಂಧಕವೂ ಕೂಡಿದ ಈ ದ್ರವ್ಯವನ್ನು ಹುಣಸೆಯ ಹುಳಿ ಕರಗಿಸಲಾರದು. ಹುಣಸೆ ಉಜ್ಜಿದಾಗ ಬೆಳ್ಳಿ ಸ್ವಲ್ಪ ಬೆಳಗಿದಂತೆ ಕಂಡರೆ, ಅದು ಜಿಡ್ಡು ಹೋದುದರಿಂದ ಮತ್ತು ನಾರಿನಿಂದ ಮೇಲ್ಮೈ ಸವೆದುದರಿಂದ. ಆದುದರಿಂದ ಬೆಳ್ಳಿಗೆ ಹುಣಸೆ ಬೇಡ.

ನಸುಹಳದಿಯ ಹಂತದಲ್ಲಿಯೇ ಅಂಟುವಾಳದ ನೊರೆಯಿಂದ ತೊಳೆದು ಒರೆಸುತ್ತಿದ್ದರೆ ಬೇರೆ ಉಪಾಯಗಳ ಅಗತ್ಯವೇ ಬೀಳದು. ಕಂದಾದ ಬೆಳ್ಳಿಗೆ ನಯವಾದ ವಿಭೂತಿಯನ್ನು ನೀರಿನಲ್ಲಿ ಕಲಸಿ ಹತ್ತಿಯಿಂದ ಹಗುರವಾಗಿ ಉಜ್ಜುವ ನಮ್ಮ ಹಳೆಯ ಪದ್ಧತಿ ಒಳ್ಳೆಯದೇ. ವಿಭೂತಿಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ, ಮರಳಿನ ಕಣ ಸಿಗದಿದ್ದರೆ ಮಾತ್ರ ಬಳಸಬೇಕು. ಹಲ್ಲಿನ ಪೇಸ್ಟನ್ನು ಹಲವರು ಮೆಚ್ಚುತ್ತಾರೆ. ಹಲ್ಲಿನ ಹೊರಕವಚ ಬೆಳ್ಳಿಗಿಂತ ಬಹಳ ಗಡುಸು. ಅದಕ್ಕೆಂದು ಮಾಡಿದ ಪೇಸ್ಟಿನ ಕಣಗಳು ಬೆಳ್ಳಿಯ ಮೇಲೆ ಮಬ್ಬುಗೀರುಗಳನ್ನು ಉಳಿಸುತ್ತವೆ. ಬೆಳ್ಳಿಯ ನೀರು ಹಾಕಿದ ಸಾಮಾನಿನಲ್ಲಂತೂ ಕೆಲವೇ ವರ್ಷಗಳಲ್ಲಿ ಒಳಗಿನ ಹಿತ್ತಾಳೆ ಇಣುಕುತ್ತದೆ.

ನೀಲಿಗಪ್ಪಾದ ಬೆಳ್ಳಿಗೆ ಸವೆತವಿಲ್ಲದ ಒಂದು ವಿಧಾನವುಂಟು. ಪ್ಲಾಸ್ಟಿಕ್ ಅಥವಾ ಪಿಂಗಾಣಿಯ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆಯನ್ನು ಹಾಸಿ, ಬೆಳ್ಳಿ ಅದಕ್ಕೆ ತಗುಲುವಂತೆ ಇಟ್ಟು, ಒಂದು ದೊಡ್ಡ ಚಮಚ ಅಡುಗೆ ಸೋಡವನ್ನೂ ಒಂದು ಸಣ್ಣ ಚಮಚ ಉಪ್ಪನ್ನೂ ಕರಗಿಸಿದ ಒಂದು ಲೀಟರು ಬಿಸಿನೀರನ್ನು ಸುರಿಯಬೇಕು. ಗಂಧಕವು ಬೆಳ್ಳಿಯನ್ನು ಬಿಟ್ಟು ಹೊರಡುತ್ತದೆ, ಬೆಳ್ಳಿ ತನ್ನ ಸ್ಥಾನದಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯಂತಹ ವಾಸನೆ ಅದರ ಕುರುಹು, ಆದ್ದರಿಂದ ಕಿಟಕಿ ತೆರೆದಿರಲಿ. ಐದು ನಿಮಿಷದ ಮೇಲೆ ತೆಗೆದು, ತೊಳೆದು, ಒರೆಸಬೇಕು. ಆದರೆ ಹರಳು ಕೂರಿಸಿದ ಕಿರೀಟಕ್ಕೆ, ಒಳಗೆ ಅರಗು ತುಂಬಿದ ಮುಖವಾಡಕ್ಕೆ, ಮರದ ಮೇಲೆ ಹೊದಿಸಿದ ಕವಚಕ್ಕೆ, ಗೆರೆಗಳಲ್ಲಿ ಬೇಕೆಂದೇ ಕಪ್ಪು ಉಳಿಸಿದ ಕುಸುರಿಗೆ ಇದು ಸಲ್ಲದು: ಬಿಸಿಗೆ ಅರಗು ಕರಗುತ್ತದೆ, ಬೇಕಾದ ಕಪ್ಪೂ ಹೋಗುತ್ತದೆ. ಅದ್ದಿ ತೆಗೆಯುವ ಸಿದ್ಧ ದ್ರವಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ತೀಕ್ಷ್ಣವಾದ ಆಮ್ಲ ಇರುತ್ತವೆ. ಉಣ್ಣುವ, ಕುಡಿಯುವ ಬೆಳ್ಳಿಗೆ ಅವನ್ನು ನಾನು ಸೂಚಿಸಲಾರೆ.

ಬೆಳಗಿದ ಬೆಳ್ಳಿಯನ್ನು ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಒಂದು ತುಂಡು ಸೀಮೆಸುಣ್ಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವುದು ಲೇಸು. ರಬ್ಬರು ಬ್ಯಾಂಡು, ಉಣ್ಣೆಯ ಬಟ್ಟೆಗಳಲ್ಲಿ ಗಂಧಕವಿರುವುದರಿಂದ ಅವು ಬೆಳ್ಳಿಯ ಸಮೀಪಕ್ಕೂ ಬಾರದಿರಲಿ. ಮತ್ತು ಓದುಗರಲ್ಲಿ ಒಂದು ವಿನಂತಿ: ಬೆಳ್ಳಿ ಬಂಗಾರಗಳಿಗೆ ಪಾಲಿಷ್ ಹಾಕಿಕೊಡುವೆವೆಂದು ಬಾಗಿಲಿಗೆ ಬರುವ ಅಪರಿಚಿತರ ಕೈಗೆ ಒಂದು ಉದ್ಧರಣೆಯನ್ನೂ ಕೊಡಬೇಡಿ. ಅವರು ಅದ್ದುವ ಆಮ್ಲದಲ್ಲಿ ಕರಗಿದ ಲೋಹ ಅವರ ಪಾತ್ರೆಯಲ್ಲೇ ಉಳಿಯುತ್ತದೆ. ನಿಮಗೆ ಮರಳುವುದು ಹೊಳೆಯುವ, ತೂಕ ಕಡಿಮೆಯಾದ ವಸ್ತು.